ರೆಸ್ಯೂಮ್‌ನ ಮೊದಲ ನಾಲ್ಕು ಸಾಲು: ವಯಸ್ಸು, ಮದುವೆ, ಫೋಟೊಗಳಿಗೆ ಅಲ್ಲಿ ಜಾಗವಿದೆಯೇ?

ಕರ್ನಾಟಕದ ಜಿಲ್ಲಾ ಕೇಂದ್ರಗಳ ಕಾಲೇಜು ರಸ್ತೆಯ ಜೆರಾಕ್ಸ್ ಅಂಗಡಿಗಳಲ್ಲಿ ಟೈಪಾಗಿ ಹೊರಬರುವ ರೆಸ್ಯೂಮ್‌ಗಳಿಗೆ ಬಹುಮಟ್ಟಿಗೆ ಒಂದೇ ಸಿದ್ಧ ಅಚ್ಚು ಇದೆ. ಮೇಲ್ಭಾಗದ ಬಲ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ, ಅದರ ಕೆಳಗೆ ಉದ್ದೇಶ ಎಂಬ ಹೆಸರಿನಲ್ಲಿ ಎರಡು ಸಾಲು, ನಡುವೆ ವಿದ್ಯಾಭ್ಯಾಸದ ಕೋಷ್ಟಕ, ಕೊನೆಯಲ್ಲಿ ತಂದೆಯ ಹೆಸರು, ಜನ್ಮ ದಿನಾಂಕ, ವೈವಾಹಿಕ ಸ್ಥಿತಿ, ಧರ್ಮ, ಬಲ್ಲ ಭಾಷೆಗಳು ಮತ್ತು ಮೇಲಿನ ವಿವರಗಳೆಲ್ಲ ನಿಜವೆಂಬ ಘೋಷಣೆ. ಇತ್ತೀಚಿನ ವರ್ಷಗಳಲ್ಲಿ ಉದ್ದೇಶದ ಜಾಗಕ್ಕೆ ಸಾರಾಂಶ ಬಂದಿದೆ. ಅಭ್ಯರ್ಥಿ ಯಾವ ಕೆಲಸವನ್ನು ಎಷ್ಟು ಕಾಲ ಮಾಡಿದ್ದಾರೆ, ಈಗ ಯಾವ ಕೆಲಸಕ್ಕೆ ಸಿದ್ಧರಿದ್ದಾರೆ ಎಂಬುದನ್ನು ಮೂರು ನಾಲ್ಕು ಸಾಲುಗಳಲ್ಲಿ ಹೇಳುವ ಈ ಭಾಗವನ್ನು ಸ್ಥಳೀಯ ಉದ್ಯೋಗದಾತರು, ಅಂದರೆ ಅದೇ ಊರಿನ ಸಗಟು ವ್ಯಾಪಾರಿ, ಖಾಸಗಿ ಶಾಲೆ, ನರ್ಸಿಂಗ್ ಹೋಮ್, ಸಣ್ಣ ಕಾರ್ಖಾನೆಯ ಮಾಲೀಕರು, ಎಲ್ಲಕ್ಕಿಂತ ಮೊದಲು ಓದುತ್ತಾರೆ. ಎಷ್ಟೋ ಬಾರಿ ಅದನ್ನು ಬಿಟ್ಟು ಬೇರೇನನ್ನೂ ಓದುವುದಿಲ್ಲ. ಆದರೆ ಅಚ್ಚು ಬದಲಾಗುವಾಗ ಹಳೆಯ ವೈಯಕ್ತಿಕ ವಿವರಗಳು ಹಾಳೆಯ ತಳದಿಂದ ಮೇಲಕ್ಕೆ ಸರಿದು ಈ ಸಾರಾಂಶದೊಳಗೇ ಸೇರಿಕೊಳ್ಳುತ್ತಿರುವುದು, ವಿಶೇಷವಾಗಿ ಮಹಿಳೆಯರ ರೆಸ್ಯೂಮ್‌ಗಳಲ್ಲಿ, ಗಮನಿಸಬೇಕಾದ ಸಂಗತಿಯಾಗಿದೆ.

ಈ ವಿಷಯದಲ್ಲಿ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಸಲಹೆ ಎಂದರೆ ವಯಸ್ಸು, ಮದುವೆ, ಫೋಟೊ ಯಾವುದನ್ನೂ ಹಾಕಬಾರದು ಎಂಬುದು. ಆ ಸಲಹೆ ಹುಟ್ಟಿದ್ದು ಬೇರೆ ಕಾನೂನಿನ ನೆಲದಲ್ಲಿ. ಅಮೆರಿಕದಲ್ಲಿ 40 ವರ್ಷ ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಉದ್ಯೋಗದಿಂದ ದೂರವಿಡುವುದನ್ನು ನಿಷೇಧಿಸುವ ಕಾಯ್ದೆ 1967ರಿಂದಲೂ ಇದೆ; ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ವಯಸ್ಸು ಮತ್ತು ಮದುವೆ ಎರಡನ್ನೂ ಹೆಸರಿಸಿ ರಕ್ಷಣೆ ನೀಡುತ್ತದೆ. ಅಲ್ಲಿನ ಕಂಪನಿಗಳು ನಾಳೆ ನ್ಯಾಯಾಲಯದಲ್ಲಿ ಉತ್ತರಿಸಬೇಕಾದೀತೆಂಬ ಕಾರಣಕ್ಕೆ ಅಂಥ ವಿವರ ತಮ್ಮ ಕೈಗೆ ಬಾರದಿರಲಿ ಎಂದೇ ಬಯಸುತ್ತವೆ. ಭಾರತದ ಖಾಸಗಿ ಉದ್ಯೋಗಕ್ಕೆ ಸಂಬಂಧಿಸಿದಂತೆ ವಯಸ್ಸಿನ ತಾರತಮ್ಯವನ್ನು ಸಾಮಾನ್ಯವಾಗಿ ನಿಷೇಧಿಸುವ ಕಾಯ್ದೆ ಇಲ್ಲ, ಮತ್ತು ಸಂವಿಧಾನದ 16ನೇ ವಿಧಿ ಹೇಳುವ ಸಮಾನ ಅವಕಾಶ ಸರ್ಕಾರಿ ಹುದ್ದೆಗಳಿಗೆ ಸಂಬಂಧಿಸಿದ್ದು. ಲಿಂಗದ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿ ಮಾತನಾಡುತ್ತದೆ: 1976ರ ಸಮಾನ ಸಂಭಾವನೆ ಕಾಯ್ದೆಯ 5ನೇ ಸೆಕ್ಷನ್ ನೇಮಕಾತಿಯಲ್ಲಿ ಹೆಂಗಸರ ವಿರುದ್ಧ ಭೇದ ಮಾಡುವುದನ್ನು ತಡೆದಿತ್ತು, ಮತ್ತು 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ 3ನೇ ಸೆಕ್ಷನ್ ಅದೇ ತತ್ವವನ್ನು ಮುಂದುವರಿಸಿದೆ. ಆದರೆ ಮದುವೆ ಆಗಿದೆಯೇ ಎಂದು ಕೇಳುವುದನ್ನೇ ಅಪರಾಧವೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಆದ್ದರಿಂದ ಇಲ್ಲಿನ ಅಭ್ಯರ್ಥಿ ಪರದೇಶದ ನಿಯಮವನ್ನು ಹಾಗೆಯೇ ಪಾಲಿಸುವುದೂ, ಜೆರಾಕ್ಸ್ ಅಂಗಡಿಯ ಅಚ್ಚನ್ನು ಹಾಗೆಯೇ ಒಪ್ಪಿಕೊಳ್ಳುವುದೂ ಸಾಲದು. ಒಂದೊಂದು ವಿವರವೂ ಯಾವ ಹಂತದಲ್ಲಿ, ಯಾವ ತೀರ್ಮಾನಕ್ಕಾಗಿ ಬೇಕಾಗುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಹಾಗೆ ನೋಡಿದಾಗ ಸಂಗತಿ ಬಹಳಷ್ಟು ತಿಳಿಯಾಗುತ್ತದೆ. ಜನ್ಮ ದಿನಾಂಕ, ವೈವಾಹಿಕ ಸ್ಥಿತಿ, ತಂದೆ ಅಥವಾ ಗಂಡನ ಹೆಸರು, ಇವೆಲ್ಲವೂ ಉದ್ಯೋಗದಾತರಿಗೆ ನಿಜವಾಗಿಯೂ ಬೇಕಾಗುತ್ತವೆ, ಆದರೆ ಆಯ್ಕೆಯಾದ ಮೇಲೆ. ಕೆಲಸಕ್ಕೆ ಸೇರುವ ದಿನ ತುಂಬಿಸುವ ಭವಿಷ್ಯ ನಿಧಿಯ ಘೋಷಣಾ ಪತ್ರ, ಅಂದರೆ ಕಚೇರಿಗಳಲ್ಲಿ ಫಾರಂ 11 ಎಂದೇ ಕರೆಯುವ ಹಾಳೆ, ಇವಿಷ್ಟನ್ನೂ ಕೇಳುತ್ತದೆ, ಏಕೆಂದರೆ ನಿವೃತ್ತಿ ವೇತನದ ಲೆಕ್ಕ ವಯಸ್ಸಿನ ಮೇಲೆ ನಿಂತಿದೆ ಮತ್ತು ನಾಮನಿರ್ದೇಶನ ಕುಟುಂಬದ ಮೇಲೆ ನಿಂತಿದೆ. ಇಎಸ್‌ಐ ನೋಂದಣಿಗೆ ಕುಟುಂಬದ ಸದಸ್ಯರ ವಿವರ ಬೇಕು, ಏಕೆಂದರೆ ಚಿಕಿತ್ಸೆಯ ಸೌಲಭ್ಯ ಅವರಿಗೂ ಸಲ್ಲುತ್ತದೆ. ಗುರುತಿನ ಚೀಟಿಗೆ ಫೋಟೊ ಬೇಕು. ಇವೆಲ್ಲ ನೇಮಕಾತಿ ಕಡತದ ವಿವರಗಳು; ಯಾರನ್ನು ಸಂದರ್ಶನಕ್ಕೆ ಕರೆಯಬೇಕು ಎಂಬ ಮೊದಲ ತೀರ್ಮಾನಕ್ಕೆ ಇವು ಏನನ್ನೂ ಸೇರಿಸುವುದಿಲ್ಲ, ಕಳೆಯುವುದಂತೂ ಬಹಳ.

ಮದುವೆಯ ಪ್ರಶ್ನೆ

ಮೂರರಲ್ಲಿ ಹೆಚ್ಚು ಹಾನಿ ಮಾಡುವ ವಿವರ ವೈವಾಹಿಕ ಸ್ಥಿತಿಯೇ. ಅದಕ್ಕೆ ಕಾರಣ ಆ ಒಂದು ಪದವನ್ನು ಓದುವವರು ಅಭ್ಯರ್ಥಿಯ ಲಿಂಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳುವುದು. ಗಂಡಸಿನ ರೆಸ್ಯೂಮ್‌ನಲ್ಲಿ ವಿವಾಹಿತ ಎಂದಿದ್ದರೆ ಜವಾಬ್ದಾರಿ ಬಂದಿದೆ, ಕೆಲಸ ಬಿಟ್ಟು ಓಡುವುದಿಲ್ಲ ಎಂಬ ಭರವಸೆ ಮೂಡುತ್ತದೆ. ಅದೇ ಪದ ಹೆಂಗಸಿನ ರೆಸ್ಯೂಮ್‌ನಲ್ಲಿದ್ದರೆ ಹೆರಿಗೆ ರಜೆ, ಮಕ್ಕಳ ಜ್ವರ, ಸಂಜೆ ಐದಕ್ಕೇ ಮನೆಗೆ ಹೊರಡುವುದು ಇವೆಲ್ಲ ನೆನಪಾಗುತ್ತವೆ. ಅವಿವಾಹಿತೆ ಎಂದು ಬರೆದರೂ ಪಾರಾಗುವಂತಿಲ್ಲ, ಏಕೆಂದರೆ ಆಗ ಮದುವೆಯಾದ ಮೇಲೆ ಗಂಡನ ಊರಿಗೆ ಹೋಗಿಬಿಡುತ್ತಾರೆ ಎಂಬ ಮಾತು ಬರುತ್ತದೆ. ವಿಧವೆ, ವಿಚ್ಛೇದಿತೆ ಎಂಬ ಪದಗಳ ಸುತ್ತ ಸೇರಿಕೊಂಡಿರುವ ಪೂರ್ವಗ್ರಹಗಳನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಹೀಗೆ ಯಾವ ಉತ್ತರ ಕೊಟ್ಟರೂ ಹೆಂಗಸಿಗೆ ವಿರುದ್ಧವಾಗಿಯೇ ಓದಲ್ಪಡುವ ವಿವರವನ್ನು ಆಕೆ ತಾನಾಗಿ ಮೊದಲ ಸಾಲಿನಲ್ಲಿ ಇಡಬೇಕಾದ ಕಾರಣವೇ ಇಲ್ಲ ಎಂಬುದು ಈ ಲೇಖನದ ಖಚಿತ ನಿಲುವು.

ಈ ಪ್ರಶ್ನೆಗೆ ದೇಶದ ನ್ಯಾಯಾಲಯಗಳಲ್ಲಿ ದೀರ್ಘ ಇತಿಹಾಸವಿದ್ದು, ಅದರಲ್ಲಿ ಕರ್ನಾಟಕದವರ ಪಾತ್ರವೂ ದೊಡ್ಡದು. ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದ ಪ್ರಕಾರ ಮಹಿಳಾ ಅಧಿಕಾರಿ ಮದುವೆಯಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು, ಕುಟುಂಬದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಾಗಿತ್ತು. ಪುರುಷ ಅಧಿಕಾರಿಗಳಿಗೆ ಇಂಥ ಯಾವ ಷರತ್ತೂ ಇರಲಿಲ್ಲ. ಬಡ್ತಿಯಲ್ಲಿ ತಮಗಾದ ಅನ್ಯಾಯವನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ, 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಈ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಕುಟುಂಬದ ಹೊಣೆ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಆಗಬೇಕಲ್ಲವೇ ಎಂಬುದು ಅವರ ವಾದದ ತಿರುಳು.

ಅದಕ್ಕಿಂತ ನೇರವಾಗಿ ಅರ್ಜಿಯ ಹಾಳೆಗೇ ಸಂಬಂಧಿಸಿದ್ದು 1991ರ ನೀರಾ ಮಾಥುರ್ ಪ್ರಕರಣ. ಜೀವ ವಿಮಾ ನಿಗಮದಲ್ಲಿ ಸಹಾಯಕಿಯಾಗಿ ಆಯ್ಕೆಯಾಗಿದ್ದ ಅವರು ಹೆರಿಗೆ ರಜೆ ಮುಗಿಸಿ ಬರುವ ಹೊತ್ತಿಗೆ, ಪರೀಕ್ಷಾರ್ಥ ಅವಧಿಯಲ್ಲಿಯೇ ಅವರನ್ನು ಕೆಲಸದಿಂದ ತೆಗೆಯಲಾಯಿತು. ಸೇರುವಾಗ ತುಂಬಿದ ಘೋಷಣೆಯಲ್ಲಿ ಕೊನೆಯ ಮುಟ್ಟಿನ ದಿನಾಂಕವನ್ನು ತಪ್ಪಾಗಿ ಕೊಟ್ಟಿದ್ದರು ಎಂಬುದು ನಿಗಮ ಮುಂದಿಟ್ಟ ಕಾರಣ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ. ಜಗನ್ನಾಥ ಶೆಟ್ಟಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆ ಅರ್ಜಿ ನಮೂನೆಯನ್ನು ತರಿಸಿ ನೋಡಿತು. ಮುಟ್ಟು, ಗರ್ಭಧಾರಣೆ, ಗರ್ಭಪಾತಗಳ ಬಗ್ಗೆ ಹೆಂಗಸರನ್ನು ಕೇಳುವ ಆ ಪ್ರಶ್ನೆಗಳೇ ಸ್ತ್ರೀಯ ಘನತೆಗೆ ಕುಂದು ತರುವಂಥವು ಎಂದು ಹೇಳಿ, ಅವನ್ನು ನಮೂನೆಯಿಂದ ಕಿತ್ತುಹಾಕುವಂತೆ ಸೂಚಿಸಿ, ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು. ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಸರಿಯೇ ಎಂಬುದಕ್ಕಿಂತ, ಆ ಪ್ರಶ್ನೆ ಕೇಳಬಹುದಾದದ್ದೇ ಎಂಬುದನ್ನು ಮೊದಲು ನೋಡಬೇಕೆಂಬ ಆ ದೃಷ್ಟಿ ಇಂದಿನ ರೆಸ್ಯೂಮ್ ಚರ್ಚೆಗೂ ಸಲ್ಲುತ್ತದೆ. ಆದರೂ ಅದು ಸಾರ್ವಜನಿಕ ಸಂಸ್ಥೆಯೊಂದರ ವಿರುದ್ಧದ ತೀರ್ಪು ಎಂಬುದನ್ನು ಮರೆಯಬಾರದು. ಊರಿನ ಸಗಟು ಅಂಗಡಿಯ ವಿರುದ್ಧ ಅದೇ ಬಗೆಯ ಪರಿಹಾರ ಅಷ್ಟೇ ಸುಲಭವಾಗಿ ಸಿಗುತ್ತದೆಂದು ನಂಬಿ ಯಾರೂ ರೆಸ್ಯೂಮ್ ಬರೆಯಲಾಗುವುದಿಲ್ಲ.

ಹಾಗಾದರೆ ಮಾಲೀಕರು ಮದುವೆ ಆಗಿದೆಯೇ ಎಂದು ಕೇಳುವಾಗ ನಿಜವಾಗಿ ತಿಳಿಯಬಯಸುವುದು ಏನನ್ನು ಎಂಬುದನ್ನು ವಿಚಾರಿಸಬೇಕು. ಅದರ ಹಿಂದೆ ಸಾಮಾನ್ಯವಾಗಿ ಮೂರು ಕಾಳಜಿಗಳಿರುತ್ತವೆ: ಈಕೆ ಇದೇ ಊರಿನಲ್ಲಿ ಉಳಿಯುತ್ತಾರೆಯೇ, ಕೆಲಸದ ಒತ್ತಡವಿರುವ ದಿನಗಳಲ್ಲಿ ತಡವಾಗಿ ಕೂರಬಲ್ಲರೇ, ಹೆರಿಗೆ ರಜೆಯ ಸಂಬಳ ತನ್ನ ಮೇಲೆ ಬೀಳುತ್ತದೆಯೇ. ಮೊದಲ ಎರಡಕ್ಕೆ ಮದುವೆಯ ಸುದ್ದಿಯೇ ಬೇಡದೆ ನೇರ ಉತ್ತರ ಕೊಡಬಹುದು, ಮತ್ತು ಸಾರಾಂಶದಲ್ಲಿ ಅದಕ್ಕೆ ಜಾಗವಿದೆ. ಮೂರನೆಯ ಭಯ ಸಣ್ಣ ಸಂಸ್ಥೆಗಳಲ್ಲಿ ಎಷ್ಟೋ ಬಾರಿ ಲೆಕ್ಕ ತಿಳಿಯದೆ ಹುಟ್ಟಿದ್ದು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರಗಳಾಗಿರುವುದು ನಿಜ, ಮತ್ತು ಇಎಸ್‌ಐ ವ್ಯಾಪ್ತಿಗೆ ಬಾರದ ನೌಕರರ ವಿಷಯದಲ್ಲಿ ಆ ಸಂಬಳವನ್ನು ಮಾಲೀಕರೇ ಕೊಡಬೇಕಾಗುವುದೂ ನಿಜ. ಆದರೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಇಎಸ್‌ಐ ವ್ಯಾಪ್ತಿಗೆ ಬರುತ್ತವೆ, ಅಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ವಿಮೆಗೆ ಒಳಪಡುತ್ತಾರೆ ಎಂಬುದು 2017ರಿಂದ ಜಾರಿಯಲ್ಲಿರುವ ಮಿತಿ. ಅಂಥ ನೌಕರರ ಹೆರಿಗೆ ಭತ್ಯೆಯನ್ನು, ನಿಗದಿತ ಅವಧಿಯ ವಂತಿಗೆ ಪಾವತಿಯಾಗಿದ್ದರೆ, ಇಎಸ್‌ಐ ನಿಗಮವೇ ಕೊಡುತ್ತದೆ. ಮಾಲೀಕರು ಸಂಬಳದ ಶೇ 3.25ರಷ್ಟು ವಂತಿಗೆಯನ್ನು ಎಲ್ಲ ವಿಮಾದಾರ ನೌಕರರಿಗೂ, ಗಂಡಸರಿಗೂ ಹೆಂಗಸರಿಗೂ ಒಂದೇ ದರದಲ್ಲಿ, ಹೇಗೂ ಕಟ್ಟುತ್ತಿರುತ್ತಾರೆ. ಹದಿನೆಂಟು ಸಾವಿರದ ಹುದ್ದೆಗೆ ವಿವಾಹಿತೆಯನ್ನು ಬೇಡವೆನ್ನುವ ಮಾಲೀಕರಲ್ಲಿ ಅನೇಕರು ತಾವು ಕೊಡಬೇಕಾಗಿಯೇ ಇಲ್ಲದ ಹಣಕ್ಕಾಗಿ ಒಳ್ಳೆಯ ಕೆಲಸಗಾರ್ತಿಯನ್ನು ಕಳೆದುಕೊಳ್ಳುತ್ತಿದ್ದಾರೆ.

ಒಂದು ಸಾರಾಂಶದ ತಿದ್ದುಪಡಿ

ಇದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ಬಿಡಿಸಿ ನೋಡಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹದಿನಾಲ್ಕು ಜನರಿರುವ ಒಂದು ಸಗಟು ವಿತರಣಾ ಸಂಸ್ಥೆಗೆ ಲೆಕ್ಕಪತ್ರ ಸಹಾಯಕರು ಬೇಕಾಗಿದ್ದಾರೆ. ಅಭ್ಯರ್ಥಿ 2007ರಲ್ಲಿ ಎಸ್‌ಎಸ್‌ಎಲ್‌ಸಿ, 2012ರಲ್ಲಿ ಬಿ.ಕಾಂ. ಮುಗಿಸಿ, 2018ರವರೆಗೆ ಒಂದು ಹಾರ್ಡ್‌ವೇರ್ ಸಗಟು ಮಳಿಗೆಯಲ್ಲಿ ಲೆಕ್ಕ ಬರೆದು, ಮಗು ಹುಟ್ಟಿದ ಮೇಲೆ ಐದು ವರ್ಷ ಮನೆಯಲ್ಲಿದ್ದು, 2023ರಿಂದ ಎರಡೂವರೆ ವರ್ಷ ಒಬ್ಬ ತೆರಿಗೆ ಸಲಹೆಗಾರರ ಬಳಿ ಅರೆಕಾಲಿಕವಾಗಿ ಕೆಲಸ ಮಾಡಿರುವ ಮಹಿಳೆ. ಅಂಗಡಿಯಲ್ಲಿ ಟೈಪಾದ ಅವರ ಸಾರಾಂಶ ಹೀಗಿದೆ ಎಂದುಕೊಳ್ಳೋಣ: ‘ವಯಸ್ಸು 34, ವಿವಾಹಿತೆ, ಒಂದು ಮಗು. ಬಿ.ಕಾಂ. ಪದವೀಧರೆ, ಟ್ಯಾಲಿ ಬಲ್ಲವರು. ಪ್ರಾಮಾಣಿಕ ಮತ್ತು ಶ್ರಮಜೀವಿ. ಸವಾಲಿನ ಹುದ್ದೆಯ ನಿರೀಕ್ಷೆಯಲ್ಲಿದ್ದಾರೆ.’

ಇದರಲ್ಲಿ ಮೊದಲ ಸಾಲು ಮಾಲೀಕರ ಭಯಗಳನ್ನು ಎಬ್ಬಿಸಿ ಯಾವುದಕ್ಕೂ ಉತ್ತರ ಕೊಡದೆ ಬಿಡುತ್ತದೆ. ಮೂರನೆಯ ಮತ್ತು ನಾಲ್ಕನೆಯ ಸಾಲುಗಳು ಯಾವ ಹುದ್ದೆಗೂ ಹೊಂದುವಂಥವಾದ್ದರಿಂದ ಏನನ್ನೂ ಹೇಳುವುದಿಲ್ಲ. ಉಳಿದ ಎರಡನೆಯ ಸಾಲೇ ನಿಜವಾದ ತೊಂದರೆ ಇರುವ ಜಾಗ, ಏಕೆಂದರೆ ಈ ಅಭ್ಯರ್ಥಿಯ ವಿಷಯದಲ್ಲಿ ತಿಳಿವಳಿಕೆಯುಳ್ಳ ಮಾಲೀಕರಿಗೆ ಬರಬಹುದಾದ ನ್ಯಾಯವಾದ ಅನುಮಾನ ಮದುವೆಯದ್ದಲ್ಲ, ಆ ಐದು ವರ್ಷಗಳದ್ದು. ಅವರು ಕೆಲಸ ಬಿಟ್ಟಾಗ ಜಿಎಸ್‌ಟಿ ಬಂದು ಒಂದು ವರ್ಷವಷ್ಟೇ ಆಗಿತ್ತು. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಹೂಡುವಳಿ ತೆರಿಗೆ ಜಮೆಯನ್ನು ತೋರಿಸುವ ಜಿಎಸ್‌ಟಿಆರ್-2ಬಿ ಎಂಬ ತಿಂಗಳ ಪಟ್ಟಿ ಬಂದದ್ದು 2020ರಲ್ಲಿ, ಆ ಪಟ್ಟಿಯಲ್ಲಿ ಕಾಣಿಸದ ಬಿಲ್ಲಿನ ಜಮೆ ಸಿಗುವುದಿಲ್ಲ ಎಂಬ ಬಿಗಿ ನಿಯಮ ಬಂದದ್ದು 2022ರ ಜನವರಿಯಲ್ಲಿ. ಟ್ಯಾಲಿಯ ಹಳೆಯ ಆವೃತ್ತಿ ಇಆರ್‌ಪಿ 9ರ ಜಾಗಕ್ಕೆ ಟ್ಯಾಲಿ ಪ್ರೈಮ್ ಬಂದದ್ದೂ 2020ರಲ್ಲೇ. ಎಂದರೆ ಸಗಟು ವ್ಯಾಪಾರಿಗೆ ಹಣ ಉಳಿಸಿಕೊಡುವ ಕೆಲಸವೇ ಆ ವಿರಾಮದ ಒಳಗೆ ಬದಲಾಗಿಹೋಗಿದೆ. ಬರೀ ‘ಟ್ಯಾಲಿ ಬಲ್ಲವರು’ ಎಂದರೆ 2018ರ ಟ್ಯಾಲಿಯೋ ಇಂದಿನದೋ ಎಂದು ಓದುವವರಿಗೆ ತಿಳಿಯುವುದಿಲ್ಲ, ತಿಳಿಯದಿದ್ದಾಗ ಅವರು ಹಳೆಯದೆಂದೇ ಎಣಿಸುತ್ತಾರೆ.

ಅವರು ಕಳೆದ ಎರಡೂವರೆ ವರ್ಷ ಮಾಡಿದ್ದು ಇದೇ ಕೆಲಸವನ್ನು. ಆದ್ದರಿಂದ ತಿದ್ದಿದ ಸಾರಾಂಶ ಹೀಗಾಗುತ್ತದೆ: ‘ಸಗಟು ವ್ಯಾಪಾರದ ಲೆಕ್ಕಪತ್ರದಲ್ಲಿ ಆರು ವರ್ಷ, ಜಿಎಸ್‌ಟಿ ಕೆಲಸದಲ್ಲಿ ಇತ್ತೀಚಿನ ಎರಡೂವರೆ ವರ್ಷದ ಅನುಭವ. ಟ್ಯಾಲಿ ಪ್ರೈಮ್‌ನಲ್ಲಿ ದಾಸ್ತಾನು ಸಹಿತ ಲೆಕ್ಕ. ಹನ್ನೆರಡು ಕಕ್ಷಿದಾರರ ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಕೆ, ಪ್ರತಿ ತಿಂಗಳ 2ಬಿ ತಾಳೆ, ಇ-ವೇ ಬಿಲ್. ಹುಬ್ಬಳ್ಳಿಯ ಕಾಯಂ ನಿವಾಸಿ. ತಿಂಗಳ 10ರಿಂದ 20ರವರೆಗೆ ಸಂಜೆ 7ರವರೆಗೆ ಕೆಲಸಕ್ಕೆ ಲಭ್ಯ. ತಕ್ಷಣ ಸೇರಲು ಸಿದ್ಧ.’ ಜಿಎಸ್‌ಟಿಆರ್-1ಕ್ಕೆ ತಿಂಗಳ 11 ಮತ್ತು 3ಬಿಗೆ 20 ಕೊನೆಯ ದಿನವಾದ್ದರಿಂದ ಆ ದಿನಗಳನ್ನು ಹೆಸರಿಸಿದ್ದು ಓದುವ ಮಾಲೀಕರಿಗೆ ಎರಡು ಸಂಗತಿಗಳನ್ನು ಏಕಕಾಲಕ್ಕೆ ತಿಳಿಸುತ್ತದೆ: ಈಕೆಗೆ ಕೆಲಸದ ಒತ್ತಡ ಯಾವಾಗ ಬರುತ್ತದೆಂದು ಗೊತ್ತಿದೆ, ಮತ್ತು ಆ ದಿನಗಳಿಗೆ ಮನೆಯಲ್ಲಿ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಮದುವೆ, ಮಗುವಿನ ಪ್ರಸ್ತಾಪವೇ ಇಲ್ಲದೆ ಮಾಲೀಕರ ಎರಡು ಕಾಳಜಿಗಳಿಗೆ ಇಲ್ಲಿ ಉತ್ತರ ಸಿಕ್ಕಿದೆ. ಆದರೆ ಆ ಸಮಯವನ್ನು ನಿಜವಾಗಿ ಕೊಡಲಾಗದಿದ್ದರೆ ಆ ಮಾತನ್ನು ಬರೆಯಕೂಡದು; ಮೊದಲ ತಿಂಗಳ 18ನೇ ತಾರೀಖಿನಂದೇ ಅದು ಬಯಲಾಗುತ್ತದೆ.

ಐದು ವರ್ಷದ ವಿರಾಮವನ್ನು ಮುಚ್ಚಿಡಬೇಕಾಗಿಲ್ಲ, ಸಾರಾಂಶಕ್ಕೆ ಎಳೆದು ತರಬೇಕಾಗಿಯೂ ಇಲ್ಲ. ಅನುಭವದ ಭಾಗದಲ್ಲಿ ಎರಡು ಉದ್ಯೋಗಗಳ ನಡುವೆ ‘2018–2023: ಮನೆಯ ಜವಾಬ್ದಾರಿಗಾಗಿ ವಿರಾಮ’ ಎಂಬ ಒಂದು ಸಾಲು ಸಾಕು. ಆ ಸಾಲನ್ನೂ ಬಿಟ್ಟು ಹಳೆಯ ಉದ್ಯೋಗದ ಅವಧಿಯನ್ನು ಹಿಗ್ಗಿಸಿ ಬರೆಯುವವರಿದ್ದಾರೆ. ಹಿಂದಿನ ಸಂಸ್ಥೆಗೆ ಒಂದು ಫೋನ್ ಹೋದರೆ ಅಥವಾ ಭವಿಷ್ಯ ನಿಧಿಯ ಸೇವಾ ವಿವರ ತೆರೆದರೆ ಸುಳ್ಳು ಹೊರಬೀಳುತ್ತದೆ, ಆಮೇಲೆ ಎಂಥ ಸಾರಾಂಶವೂ ಅವರನ್ನು ಉಳಿಸುವುದಿಲ್ಲ.

ತಿದ್ದುಪಡಿ ಫಲಿಸಿದೆಯೇ ಎಂಬುದನ್ನು ಬರುವ ಫೋನ್ ಕರೆಗಳಿಂದಲೇ ಅಳೆಯಬಹುದು. ಕರೆ ಮಾಡಿದವರ ಮೊದಲ ಪ್ರಶ್ನೆ ‘2ಬಿ ಮಿಸ್‌ಮ್ಯಾಚ್ ಆದ್ರೆ ಏನ್ ಮಾಡ್ತೀರಿ ಮೇಡಂ’ ಎಂಬ ಬಗೆಯದಾಗಿದ್ದರೆ ಸಾರಾಂಶ ತನ್ನ ಕೆಲಸ ಮಾಡಿದೆ. ‘ಎಲ್ಲಿರೋದು, ಮನೇಲಿ ಯಾರ್ಯಾರಿದ್ದೀರಿ’ ಎಂಬಲ್ಲಿಂದಲೇ ಮಾತು ಮತ್ತೆ ಮತ್ತೆ ಶುರುವಾಗುತ್ತಿದ್ದರೆ, ವಾಸಸ್ಥಳ ಮತ್ತು ಸಮಯದ ಸಾಲು ಇನ್ನೂ ಸ್ಪಷ್ಟವಾಗಬೇಕು ಎಂದರ್ಥ.

ವಯಸ್ಸು

ವಯಸ್ಸಿನ ವಿಷಯ ಮದುವೆಯಷ್ಟು ಏಕಮುಖವಾದುದಲ್ಲ, ಏಕೆಂದರೆ ಕೆಲವು ಉದ್ಯೋಗಗಳಿಗೆ ಕಾನೂನೇ ವಯಸ್ಸನ್ನು ಗೊತ್ತುಪಡಿಸಿದೆ. ಖಾಸಗಿ ಭದ್ರತಾ ಸಂಸ್ಥೆಗಳನ್ನು ನಿಯಂತ್ರಿಸುವ 2005ರ ಕಾಯ್ದೆಯ ಪ್ರಕಾರ ಕಾವಲುಗಾರರಿಗೆ 18 ತುಂಬಿರಬೇಕು, 65 ಆಗಿರಬಾರದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರಕು ಅಥವಾ ಪ್ರಯಾಣಿಕರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಇಂಥ ಹುದ್ದೆಗಳಿಗೂ ಸಾರಾಂಶದಲ್ಲಿ ವಯಸ್ಸನ್ನೇ ಬರೆಯುವುದಕ್ಕಿಂತ, ಆ ವಯಸ್ಸನ್ನು ತಾನಾಗಿ ಸಾಬೀತುಪಡಿಸುವ ಅರ್ಹತೆಯನ್ನು ಬರೆಯುವುದು ಹೆಚ್ಚು ಉಪಯುಕ್ತ. ‘ಭಾರಿ ಸರಕು ವಾಹನ ಪರವಾನಗಿ, 2019ರಿಂದ’ ಎಂಬ ಸಾಲು ವಯಸ್ಸಿನ ಷರತ್ತು ಪೂರೈಸಿದೆ ಎಂಬುದನ್ನೂ ಅನುಭವವನ್ನೂ ಒಟ್ಟಿಗೆ ಹೇಳುತ್ತದೆ. ‘ವಯಸ್ಸು 31’ ಎಂಬುದು ಎರಡನ್ನೂ ಹೇಳುವುದಿಲ್ಲ.

ಉಳಿದ ಹುದ್ದೆಗಳಲ್ಲಿ ತೊಂದರೆಯಾಗುವುದು ಹೆಚ್ಚಾಗಿ 45 ದಾಟಿದವರಿಗೆ. ಅವರು ಜನ್ಮ ದಿನಾಂಕವನ್ನು ಅಳಿಸಿದರೂ ವಿದ್ಯಾಭ್ಯಾಸದ ಕೋಷ್ಟಕದಲ್ಲಿ ಎಸ್‌ಎಸ್‌ಎಲ್‌ಸಿ ವರ್ಷ ಉಳಿದಿರುತ್ತದೆ, ಮತ್ತು ಆ ವರ್ಷದಿಂದ ಹದಿನಾರನ್ನು ಕಳೆದು ಹುಟ್ಟಿದ ವರ್ಷ ಹೇಳಬಲ್ಲವರು ಪ್ರತಿ ಕಚೇರಿಯಲ್ಲೂ ಇದ್ದಾರೆ. ಹತ್ತು ವರ್ಷಕ್ಕಿಂತ ಹೆಚ್ಚು ಅನುಭವವಿರುವವರ ರೆಸ್ಯೂಮ್‌ನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಸಾಲುಗಳು ಬೇಕಾಗಿಯೇ ಇಲ್ಲ; ಕೊನೆಯ ಪದವಿಯೊಂದೇ ಸಾಕು. ಆದರೆ ಪದವಿಯ ವರ್ಷವನ್ನೂ ಅಳಿಸಿಬಿಡುವುದು ಜಾಣತನವಲ್ಲ, ಏಕೆಂದರೆ ಅಂಕಪಟ್ಟಿಯ ವರ್ಷ ನೋಡಿ ರೂಢಿಯಾದ ಇಲ್ಲಿನ ಮಾಲೀಕರಿಗೆ ಬಿಟ್ಟುಹೋದ ವರ್ಷ ಅನುಮಾನಕ್ಕೆ ಎಡೆಮಾಡುತ್ತದೆ, ಪದವಿ ಪೂರ್ಣಗೊಂಡಿಲ್ಲವೇನೋ ಎಂಬ ಶಂಕೆ ವಯಸ್ಸಿನ ಶಂಕೆಗಿಂತ ಕೆಟ್ಟದ್ದು. ಇಂಥವರು ಸಾರಾಂಶವನ್ನು ‘ಇಪ್ಪತ್ತೆಂಟು ವರ್ಷಗಳ ಅನುಭವ’ ಎಂದು ಆರಂಭಿಸುವುದಕ್ಕಿಂತ, ಕಳೆದ ಐದಾರು ವರ್ಷಗಳಲ್ಲಿ ನಿಭಾಯಿಸಿದ ಕೆಲಸದಿಂದ ಆರಂಭಿಸುವುದು ಒಳ್ಳೆಯದು.

ಜಾಹೀರಾತಿನಲ್ಲಿಯೇ ವಯೋಮಿತಿ ಹಾಕಿದ್ದರೆ ಅಥವಾ ಉದ್ಯೋಗ ಏಜೆನ್ಸಿಯ ಅರ್ಜಿಯಲ್ಲಿ ಜನ್ಮ ದಿನಾಂಕದ ಕಾಲಂ ಇದ್ದರೆ, ಕೇಳಿದ ಜಾಗದಲ್ಲಿ ಸರಿಯಾಗಿ ತುಂಬಬೇಕು. ಸರ್ಕಾರಿ ಮತ್ತು ಬ್ಯಾಂಕ್ ನೇಮಕಾತಿಯ ಅರ್ಜಿಗಳಂತೂ ವಯೋಮಿತಿ ಮತ್ತು ಮೀಸಲಾತಿಯ ಲೆಕ್ಕಕ್ಕಾಗಿ ಇವೆಲ್ಲವನ್ನೂ ಕೇಳಲೇಬೇಕಾಗುತ್ತದೆ. ಅವು ಬೇರೆಯೇ ವರ್ಗದ ಕಾಗದ, ಅಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ.

ಫೋಟೊ

ಫೋಟೊ ಉಳಿದೆರಡು ವಿವರಗಳನ್ನೂ ಬರೆಯದೆಯೇ ಹೇಳಿಬಿಡುತ್ತದೆ ಎಂಬುದೇ ಅದರ ಮುಖ್ಯ ತೊಡಕು. ಕೊರಳಿನ ಕರಿಮಣಿ, ಹಣೆಯ ಕುಂಕುಮ, ತಲೆಯ ಮೇಲಿನ ಹಿಜಾಬ್, ನೆರೆತ ಕೂದಲು, ಮೈಬಣ್ಣ, ಇವುಗಳಿಂದ ಓದುವವರು ಮದುವೆ, ಧರ್ಮ, ವಯಸ್ಸುಗಳನ್ನು ಊಹಿಸುತ್ತಾರೆ, ಮತ್ತು ಆ ಊಹೆಗೆ ಉತ್ತರ ಕೊಡುವ ಅವಕಾಶವೇ ಅಭ್ಯರ್ಥಿಗೆ ಇರುವುದಿಲ್ಲ. ಇನ್ನೊಂದು ತೊಡಕು ಯಾಂತ್ರಿಕವಾದುದು. ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿಗಳೂ ಈಗ ರೆಸ್ಯೂಮ್‌ಗಳನ್ನು ಮೊದಲು ತಂತ್ರಾಂಶದಿಂದ ಓದಿಸುತ್ತವೆ. ಫೋಟೊವನ್ನು ಕೂರಿಸಲೆಂದು ಮೇಲ್ಭಾಗವನ್ನು ಎರಡು ಕಾಲಂಗಳ ಕೋಷ್ಟಕವಾಗಿ ಮಾಡಿದ್ದರೆ ಅದರೊಳಗಿನ ಹೆಸರು ಮತ್ತು ಮೊಬೈಲ್ ಸಂಖ್ಯೆ ಬೆರಕೆಯಾಗುವುದೋ ಬಿಟ್ಟುಹೋಗುವುದೋ ಉಂಟು. ಸಣ್ಣ ಕಚೇರಿಯ ಕಪ್ಪು-ಬಿಳುಪು ಪ್ರಿಂಟರ್‌ನಲ್ಲಿ ಮುದ್ರಿಸಿದಾಗ ಅದೇ ಫೋಟೊ ಮುಖ ಗುರುತಿಸಲಾಗದ ಕಪ್ಪು ಚೌಕವಾಗುತ್ತದೆ, ಅದರ ಪಕ್ಕದ ಸಾರಾಂಶ ಅರ್ಧ ಅಗಲಕ್ಕೆ ಕುಗ್ಗಿ ಎಂಟು ಸಾಲಾಗಿರುತ್ತದೆ. ಇದೆಲ್ಲಕ್ಕಿಂತ ಗಂಭೀರವಾದುದು, ಊರಿನ ಉದ್ಯೋಗ ಏಜೆಂಟರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರೆಸ್ಯೂಮ್‌ಗಳನ್ನು ಹಂಚಿಕೊಳ್ಳುವ ರೂಢಿ. ಯುವತಿಯೊಬ್ಬಳ ಫೋಟೊ, ಮೊಬೈಲ್ ಸಂಖ್ಯೆ, ಮನೆಯ ವಿಳಾಸ, ಜನ್ಮ ದಿನಾಂಕಗಳೆಲ್ಲ ಒಂದೇ ಹಾಳೆಯಲ್ಲಿ ಅಪರಿಚಿತರ ಕೈಗೆ ಸಿಗುವುದು ಆಕೆಯ ಸುರಕ್ಷತೆಯ ಪ್ರಶ್ನೆಯೂ ಆಗುತ್ತದೆ. ಮನೆಯ ಪೂರ್ಣ ವಿಳಾಸದ ಬದಲು ಬಡಾವಣೆ ಮತ್ತು ಊರಿನ ಹೆಸರಷ್ಟೇ ಸಾಕು.

ಸ್ವಾಗತಕಾರರು, ವಿಮಾನದ ಸಿಬ್ಬಂದಿ, ಹೋಟೆಲಿನ ಮುಂಗಟ್ಟೆಯ ಕೆಲಸಗಳಿಗೆ ಉದ್ಯೋಗದಾತರು ಫೋಟೊ ಕೇಳುವುದುಂಟು. ಕರಾವಳಿಯಿಂದ ಗಲ್ಫ್ ದೇಶಗಳಿಗೆ ಹೋಗುವವರಿಗೆ ಅಲ್ಲಿನ ಸಂಸ್ಥೆಗಳು ಫೋಟೊದ ಜೊತೆಗೆ ವಯಸ್ಸು, ವೈವಾಹಿಕ ಸ್ಥಿತಿಯನ್ನೂ ಕೇಳುವುದು ರೂಢಿ, ಏಕೆಂದರೆ ವೀಸಾ ಮತ್ತು ವಸತಿಯ ವ್ಯವಸ್ಥೆ ಅದನ್ನು ಅವಲಂಬಿಸಿರುತ್ತದೆ. ಅಂಥವರು ಎರಡು ಪ್ರತಿ ಇಟ್ಟುಕೊಳ್ಳುವುದು ಕ್ಷೇಮ: ಊರಿನ ಮಾಲೀಕರಿಗೆ ಒಂದು, ಗಲ್ಫ್‌ಗೆ ಇನ್ನೊಂದು. ನೇರ ಸಂದರ್ಶನಕ್ಕೆ ಹೋಗುವವರು ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊಗಳನ್ನು ಅಂಕಪಟ್ಟಿಯ ಕಡತದಲ್ಲಿ ಪ್ರತ್ಯೇಕವಾಗಿ ಒಯ್ದರೆ, ಕೇಳಿದಾಗ ಕೊಡಬಹುದು.

ಸಂದರ್ಶನದಲ್ಲಿ ಮದುವೆಯ ಪ್ರಶ್ನೆ ಬಂದೇ ಬರುತ್ತದೆ ಎಂದಿಟ್ಟುಕೊಂಡು ಹೋಗುವುದೇ ವಾಸ್ತವ. ಅಲ್ಲಿ ನಿಜವನ್ನು ಚಿಕ್ಕದಾಗಿ ಹೇಳಿ, ‘ಹೌದು ಸರ್, ಆಗಿದೆ; ಮನೆ ಇಲ್ಲೇ ವಿದ್ಯಾನಗರದಲ್ಲಿ, ರಿಟರ್ನ್ ದಿನಗಳಲ್ಲಿ ತಡವಾದರೂ ತೊಂದರೆಯಿಲ್ಲ’ ಎಂದು ಮಾತನ್ನು ಕೆಲಸದ ಕಡೆಗೆ ತಿರುಗಿಸಬಹುದು. ಕಾಗದದ ಮೇಲೆ ಒಂದು ಪದವಾಗಿ ಬಿದ್ದಿದ್ದರೆ ಆ ಉತ್ತರದ ಉತ್ತರಾರ್ಧವನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಬಿಡಬೇಕಾದ ವಿವರವನ್ನು ಸಾರಾಂಶದಿಂದ ಬಿಡುವುದರ ಪ್ರಯೋಜನ ಇಷ್ಟೇ, ಆದರೆ ಕೆಲಸ ಹುಡುಕುವವರಿಗೆ ಅದು ಸಣ್ಣದಲ್ಲ.

ಆಯ್ಕೆಯಾದ ಮೇಲೆ ಇದೇ ವಿವರಗಳಿಗೆ ಪೂರಾ ಬೇರೆ ಬಗೆಯ ಎಚ್ಚರ ಬೇಕಾಗುತ್ತದೆ. ಭವಿಷ್ಯ ನಿಧಿಯ ಖಾತೆಯಲ್ಲಿರುವ ಹೆಸರು ಮತ್ತು ಜನ್ಮ ದಿನಾಂಕ ಆಧಾರ್‌ಗೆ ಹೊಂದಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಇನಿಷಿಯಲ್, ಮದುವೆಯ ನಂತರ ಮಾಡಿಸಿದ ಆಧಾರ್‌ನಲ್ಲಿ ಗಂಡನ ಮನೆತನದ ಹೆಸರು, ಶಾಲೆಗೆ ಸೇರಿಸುವಾಗ ಬರೆಸಿದ ಒಂದು ಜನ್ಮ ದಿನಾಂಕ, ಆಧಾರ್‌ನಲ್ಲಿ ಇನ್ನೊಂದು, ಇವು ಕರ್ನಾಟಕದ ಕುಟುಂಬಗಳಲ್ಲಿ ಅಪರೂಪವೇನಲ್ಲ, ಮತ್ತು ವರ್ಷಗಳ ನಂತರ ಹಣ ತೆಗೆಯಲು ಹೋದಾಗ ಅರ್ಜಿ ತಿರಸ್ಕೃತವಾಗಲು ಇಷ್ಟೇ ಸಾಕು. ಆಧಾರ್‌ನಲ್ಲಿ ಜನ್ಮ ದಿನಾಂಕವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಿಸಲು ಅವಕಾಶವಿರುವುದರಿಂದ, ರೆಸ್ಯೂಮ್‌ನ ತಲೆಯಲ್ಲಿ ಬರೆಯುವ ಹೆಸರು, ಅಂಕಪಟ್ಟಿ ಮತ್ತು ಆಧಾರ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸವಿದ್ದರೆ ಕೆಲಸಕ್ಕೆ ಸೇರುವ ಮೊದಲೇ, ಅಂಕಪಟ್ಟಿಯನ್ನು ದಾಖಲೆಯಾಗಿ ಕೊಟ್ಟು ಆಧಾರ್ ಕೇಂದ್ರದಲ್ಲಿ ಸರಿಪಡಿಸಿಕೊಳ್ಳಬೇಕು.